ಬಿಳಿ ಹತ್ತಿ ಬಟ್ಟೆಯ ಮೇಲೆ ಎಲೆ-ಅಡಿಕೆ ಕಲೆ: ನಿಂಬೆ ಯಾವುದಕ್ಕೆ, ಪೆರಾಕ್ಸೈಡ್ ಯಾವುದಕ್ಕೆ, ಬ್ಲೀಚು ಯಾವಾಗ

ಎಲೆ-ಅಡಿಕೆ ಕಲೆಗೆ ಬಟ್ಟೆ ಸೋಪು ಹಚ್ಚಿ ತಿಕ್ಕಿದರೆ ಅದು ಹೋಗುವ ಬದಲು ಇನ್ನಷ್ಟು ಕೆಂಪಗಾಗುತ್ತದೆ. ಇದಕ್ಕೆ ಕಾರಣ ತಿಳಿದುಕೊಂಡರೆ ಯಾವ ವಸ್ತು ಮೊದಲು, ಯಾವುದು ಆಮೇಲೆ ಎಂಬ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಅಡಿಕೆಯ ಒಗರೆಂದರೆ ಟ್ಯಾನಿನ್. ಬರೀ ಅಡಿಕೆ ಜಗಿದರೆ ಬಾಯಿ ಅಷ್ಟೇನೂ ಕೆಂಪಾಗುವುದಿಲ್ಲ. ಸುಣ್ಣ ಸೇರಿದ ಕೂಡಲೇ ಆಗುತ್ತದೆ. ಸುಣ್ಣದ ಕ್ಷಾರದಲ್ಲಿ ಈ ಒಗರು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಂಪು ಬಣ್ಣವಾಗುತ್ತದೆ. ಬಾಯಲ್ಲಿ ನಡೆದದ್ದೇ ಅಂಗಿಯ ಮೇಲೂ ನಡೆಯುತ್ತದೆ. ಬಟ್ಟೆ ಸೋಪು, ವಾಷಿಂಗ್ ಸೋಡಾ, ಸಾಮಾನ್ಯ ಡಿಟರ್ಜೆಂಟ್ ಪುಡಿ ಎಲ್ಲವೂ ಕ್ಷಾರವೇ. ಕಲೆಗೆ ಅವನ್ನು ಹಚ್ಚುವುದೆಂದರೆ ಇನ್ನೊಂದಿಷ್ಟು ಸುಣ್ಣ ಹಚ್ಚಿದಂತೆ.

ಊರಿನ ಎಲೆ-ಅಡಿಕೆಗೂ ಮುಂಬಯಿ, ಪುಣೆಯ ಪಾನ್‌ವಾಲಾ ಕಟ್ಟಿಕೊಡುವ ವಿಡಾಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ನಮ್ಮ ಮನೆಗಳ ತಟ್ಟೆಯಲ್ಲಿ ಸಾಮಾನ್ಯವಾಗಿ ಎಲೆ, ಅಡಿಕೆ, ಸುಣ್ಣ ಇಷ್ಟೇ ಇರುತ್ತದೆ. ಮುಂಬಯಿ, ಪುಣೆಯ ವಿಡಾದಲ್ಲಿ ಕಾಚು ಬರುತ್ತದೆ, ಮರಾಠಿಯವರು ಕಾತ್ ಎನ್ನುವುದು. ಅದು ಖೈರದ ಮರದ ಕೆಚ್ಚನ್ನು ಕುದಿಸಿ ತೆಗೆದ ಸಾರ, ಮತ್ತು ಹತ್ತಿ ಬಟ್ಟೆಗೆ ಕಂದು ಬಣ್ಣ ಹಾಕಲು ಬಹಳ ಹಿಂದಿನಿಂದ ಬಳಸಿದ ಬಣ್ಣ. ಅಡಿಕೆ ಬೇಯಿಸಿದಾಗ ಬರುವ ಚೊಗರೂ ಹಾಗೆಯೇ, ಮಲೆನಾಡಿನಲ್ಲಿ ಅದರಿಂದ ಕೈಮಗ್ಗದ ಹತ್ತಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆದ್ದರಿಂದ ಕುರ್ತಾದ ಮೇಲೆ ಬಿದ್ದ ಕಲೆ ಕೊಳೆಯಲ್ಲ, ಸರಿಯಾಗಿ ಹಿಡಿದ ಬಣ್ಣ. ಕೊಳೆಯನ್ನು ತೊಳೆದು ತೆಗೆಯಬಹುದು, ಬಣ್ಣವನ್ನು ಮಾತ್ರ ಅದಿದ್ದ ಜಾಗದಲ್ಲೇ ಒಡೆಯಬೇಕಾಗುತ್ತದೆ. ಮುಂದೆ ಹೋಲಿಸುವ ಎಲ್ಲ ದಾರಿಗಳ ಕೆಲಸ ಎರಡೇ: ಮೊದಲು ಸುಣ್ಣ ತೆಗೆಯುವುದು, ಆಮೇಲೆ ಬಣ್ಣ ಒಡೆಯುವುದು. ಮನೆಮದ್ದುಗಳು ಮೊದಲನೆಯದನ್ನು ಮಾಡುತ್ತವೆ, ಎರಡನೆಯದನ್ನು ಮಾಡುವುದಿಲ್ಲ. ಬ್ಲೀಚು ಎರಡನೆಯದನ್ನಷ್ಟೇ ಮಾಡುತ್ತದೆ. ಒಂದೇ ವಸ್ತುವನ್ನು ನಂಬಿದವರಿಗೆ ಕಲೆ ಅರ್ಧಕ್ಕೆ ನಿಲ್ಲುವುದು ಇದಕ್ಕೇ.

ಮೊದಲ ಹತ್ತು ನಿಮಿಷ

ಕಲೆ ಹಸಿ ಇರುವಾಗ ಯಾವ ವಸ್ತುವೂ ಬೇಡ, ತಣ್ಣೀರು ಸಾಕು. ಚಮಚದ ಹಿಂಬದಿಯಿಂದ ಸುಣ್ಣ, ಅಡಿಕೆ ಚೂರನ್ನು ಎತ್ತಿ ತೆಗೆಯಿರಿ. ಒರೆಸಿದರೆ ಅದು ನೂಲಿನೊಳಕ್ಕೆ ಹೋಗುತ್ತದೆ. ಬಟ್ಟೆಯನ್ನು ಮಗುಚಿ, ಕಲೆಯ ಹಿಂಬದಿಯಿಂದ ನಲ್ಲಿ ನೀರು ಬಿಡಿ. ನೀರು ಕಲೆಯನ್ನು ಬಂದ ದಾರಿಯಲ್ಲೇ ಹೊರಕ್ಕೆ ತಳ್ಳಬೇಕು. ಮದುವೆ ಹಾಲಿನಲ್ಲಿದ್ದರೆ ಊಟದ ಎಲೆಗೆ ಬಡಿಸಿದ ನಿಂಬೆ ಹೋಳನ್ನೇ ಹಿಂಡಬಹುದು. ಕೈತೊಳೆಯುವ ಜಾಗದ ಸಾಬೂನನ್ನು ಮಾತ್ರ ಮುಟ್ಟಬೇಡಿ. ಗಂಜಿ ಹಾಕಿದ ಪಂಚೆಯಾಗಿದ್ದರೆ ನಿಮ್ಮ ಅದೃಷ್ಟ, ಕಲೆಯ ಬಹುಪಾಲು ಗಂಜಿಯ ಮೇಲೆ ಕೂತಿರುತ್ತದೆ, ಗಂಜಿಯ ಜೊತೆಗೇ ಕಳಚಿಕೊಳ್ಳುತ್ತದೆ. ನಾಲ್ಕು ವರ್ಷ ಒಗೆದು ಮೆತ್ತಗಾದ ಕುರ್ತಾಕ್ಕೆ ಆ ಕಾಪು ಇಲ್ಲ.

ನಿಂಬೆ, ಮೊಸರು, ಸಿಟ್ರಿಕ್ ಆಸಿಡ್

ಈ ಮೂರೂ ಒಂದೇ ಜಾತಿಯವು, ಹುಳಿ. ಸುಣ್ಣವನ್ನು ಕರಗಿಸಿ ಕ್ಷಾರವನ್ನು ಕೊಲ್ಲುತ್ತವೆ. ಕೆಂಪು ಕಲೆಗೆ ಹುಳಿ ಬಿದ್ದೊಡನೆ ಅದು ಹಳದಿ ಮಿಶ್ರಿತ ಕಂದಿಗೆ ತಿರುಗುತ್ತದೆ. ನೋಡುವವರಿಗೆ ಕಲೆ ಹೋಯಿತು ಎನಿಸುತ್ತದೆ. ಹೋಗಿರುವುದಿಲ್ಲ, ಬಣ್ಣ ಬದಲಿಸಿರುತ್ತದೆ ಅಷ್ಟೆ. ಅಲ್ಲಿಗೇ ಬಿಟ್ಟು ಸೋಪಿನಲ್ಲಿ ಒಗೆದರೆ ಕೆಂಪು ಮತ್ತೆ ಬರುತ್ತದೆ.

ಮೂರರಲ್ಲಿ ಆಯ್ಕೆ ಸುಲಭ. ಮೊಸರು ಹಸಿ ಕಲೆಗಷ್ಟೇ, ಅದೂ ಬೇರೇನೂ ಸಿಗದಾಗ. ಅದರ ಹುಳಿ ಮಂದ, ಜೊತೆಗೆ ಜಿಡ್ಡು ಮತ್ತು ಪ್ರೊಟೀನನ್ನು ಬಟ್ಟೆಗೆ ತುಂಬುತ್ತದೆ. ಮುಂದೆ ಕ್ಲೋರಿನ್ ಬ್ಲೀಚು ಹಾಕುವ ಯೋಚನೆಯಿದ್ದರೆ ಆ ಪ್ರೊಟೀನು ಹಳದಿ ಕಲೆಯಾಗಿ ಕೂರುತ್ತದೆ. ನಿಂಬೆರಸ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸಕ್ಕರೆಯಂಶ, ತಿರುಳು ಉಳಿಯುತ್ತದೆ. ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿಯೇ ಒಳ್ಳೆಯದು. 100 ಮಿಲಿ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಹಾಕಿದರೆ ನಿಂಬೆರಸದಷ್ಟೇ ಹುಳಿ. ಕಲೆಯ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು, ತೊಳೆದು, ಇನ್ನೊಮ್ಮೆ ಮಾಡಿ.

ನಿಂಬೆ ಹಚ್ಚಿ ಬಿಸಿಲಿಗೆ ಹಾಕುವ ಅಜ್ಜಿಯ ಕ್ರಮ ಸುಳ್ಳಲ್ಲ. ಅಲ್ಲಿ ಬಣ್ಣ ಒಡೆಯುವುದು ಬಿಸಿಲು, ನಿಂಬೆಯಲ್ಲ. ಏಪ್ರಿಲಿನ ಪುಣೆಯ ಗಚ್ಚಿಯ ಮೇಲೆ ಇದು ನಡೆಯುತ್ತದೆ: ಬಟ್ಟೆ ಒಣಗದಂತೆ ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸುತ್ತ ಎರಡು ಮೂರು ದಿನ ಇಟ್ಟರೆ ತಿಳಿ ಕಲೆ ಮಾಯವಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ, ಗೋವಾದಲ್ಲಿ ಈ ದಾರಿ ಮರೆತುಬಿಡಿ. ಬಟ್ಟೆಗೆ ಬಿಸಿಲು ಸಿಗುವ ಮೊದಲು ಬೂಷ್ಟು ಬರುತ್ತದೆ, ಅದರ ಕಪ್ಪು ಚುಕ್ಕೆ ಅಡಿಕೆ ಕಲೆಗಿಂತ ಹಟಮಾರಿ. ಹುಳಿ ಬಟ್ಟೆಯಲ್ಲೇ ಒಣಗಿ, ಅದರ ಮೇಲೆ ಇಸ್ತ್ರಿ ಬಿದ್ದರೆ ಹತ್ತಿಯ ನೂಲು ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಯಾವ ಹುಳಿ ಹಾಕಿದರೂ ಮೂರು ನೀರಿನಲ್ಲಿ ಜಾಲಿಸಬೇಕು.

ಬಣ್ಣ ಒಡೆಯುವ ಮೂರು: ಪೆರಾಕ್ಸೈಡ್, ಆಕ್ಸಿಜನ್ ಪುಡಿ, ಕ್ಲೋರಿನ್

ನಿಜವಾದ ಆಯ್ಕೆ ಇಲ್ಲಿ. ಮೂರೂ ಕಲೆಯನ್ನು ಒಡೆಯುತ್ತವೆ. ಬಟ್ಟೆಯನ್ನು ಎಷ್ಟು ಉಳಿಸುತ್ತವೆ ಎನ್ನುವುದರಲ್ಲಿ ಅವು ಬೇರೆ.

ನಮ್ಮ ಮೊದಲ ಆಯ್ಕೆ ಆಕ್ಸಿಜನ್ ಪುಡಿ. ಬಣ್ಣದ ಬಟ್ಟೆಗೂ ನಡೆಯುತ್ತದೆ ಎಂದು ಮಾರುವ ಸ್ಟೇನ್ ರಿಮೂವರ್ ಪುಡಿಗಳ ಹಿಂಬದಿಯಲ್ಲಿ ಸೋಡಿಯಂ ಪರ್ಕಾರ್ಬನೇಟ್ ಎಂದಿರುತ್ತದೆ, ಬಿಡಿಯಾಗಿ ಆನ್‌ಲೈನಿನಲ್ಲೂ ಸಿಗುತ್ತದೆ. ನೀರಿಗೆ ಬಿದ್ದಾಗ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬಿಡಿಸಿಕೊಳ್ಳುತ್ತದೆ. ಇದರ ಗುಣ, ಅವಗುಣ ಎರಡೂ ಬಿಸಿಯಲ್ಲಿದೆ. ತಣ್ಣೀರಿನಲ್ಲಿ ಮಲಗಿರುತ್ತದೆ, 40ರಿಂದ 60 ಡಿಗ್ರಿಯಲ್ಲಿ ಎದ್ದು ಕೆಲಸ ಮಾಡುತ್ತದೆ. ಥರ್ಮಾಮೀಟರ್ ಬೇಕಿಲ್ಲ. ಒಂದು ಲೀಟರ್ ಕುದಿಯುವ ನೀರಿಗೆ ಎರಡು ಲೀಟರ್ ನಲ್ಲಿ ನೀರು ಬೆರೆಸಿದರೆ ಮುಂಬಯಿಯಲ್ಲಿ ಹೆಚ್ಚುಕಡಿಮೆ 50 ಡಿಗ್ರಿ ಆಗುತ್ತದೆ. ಡಿಸೆಂಬರಿನ ಪುಣೆಯಲ್ಲಿ ನಲ್ಲಿ ನೀರೇ ತಣ್ಣಗಿರುವುದರಿಂದ ಒಂದು ಲೋಟ ಕುದಿನೀರು ಜಾಸ್ತಿ ಹಾಕಿ. ಈ ಮೂರು ಲೀಟರಿಗೆ ಶುದ್ಧ ಪುಡಿಯಾದರೆ ಮೂರು ದೊಡ್ಡ ಚಮಚ ಸಾಕು. ಅಂಗಡಿಯ ಸ್ಟೇನ್ ರಿಮೂವರಿನಲ್ಲಿ ಪರ್ಕಾರ್ಬನೇಟಿನ ಪಾಲು ಕಡಿಮೆ ಇರುವುದರಿಂದ ಡಬ್ಬಿಯ ಮೇಲೆ ಹೇಳಿದ ಹೆಚ್ಚಿನ ಅಳತೆ ಹಿಡಿಯಿರಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಕಬ್ಬಿಣದ್ದು, ತಾಮ್ರದ್ದು ಬೇಡ.

ಇಲ್ಲಿ ಬಹಳ ಜನ ಹೆದರುವ ಒಂದು ಗಳಿಗೆ ಬರುತ್ತದೆ. ಬಟ್ಟೆ ಮುಳುಗಿಸಿದ ಐದು ನಿಮಿಷದಲ್ಲಿ ಕಲೆ ಗಾಢವಾಗುತ್ತದೆ. ಅದು ವಾಷಿಂಗ್ ಸೋಡಾದ ಕ್ಷಾರದ ಕೆಲಸ. ಪೆರಾಕ್ಸೈಡ್ ಹಿಂದೆಯೇ ಬರುತ್ತಿರುತ್ತದೆ. ಅರ್ಧ ಗಂಟೆ ಕಾದರೆ ಕಲೆ ತಿಳಿಯಾಗತೊಡಗುತ್ತದೆ. ಗಾಬರಿಯಾಗಿ ಹೊರತೆಗೆದು ಹಿಂಡಿಟ್ಟರೆ ಮಾತ್ರ ಗಾಢ ಬಣ್ಣವೇ ಉಳಿಯುತ್ತದೆ. ಮೊದಲೇ ಹುಳಿಯಿಂದ ಸುಣ್ಣ ತೆಗೆದಿದ್ದರೆ ಈ ಕಪ್ಪಾಗುವಿಕೆ ಕಡಿಮೆ. ಮೂರು ನಾಲ್ಕು ಗಂಟೆಯಲ್ಲಿ ನೀರು ಸತ್ತಿರುತ್ತದೆ, ರಾತ್ರಿಯೆಲ್ಲ ನೆನೆಸಿ ಲಾಭವಿಲ್ಲ. ಹೊಸ ಬಿಸಿ ನೀರು, ಹೊಸ ಪುಡಿ ಹಾಕಿ ಎರಡನೇ ಸುತ್ತು ಮಾಡುವುದೇ ಮೇಲು. ಕಲಸಿದ ನೀರನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ. ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಟಲಿ ಒಡೆಯಬಹುದು.

ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ದ್ರವ ಇದೇ ಕೆಲಸವನ್ನು ಸಣ್ಣ ಜಾಗದಲ್ಲಿ ಮಾಡುತ್ತದೆ. ಇಡೀ ಬಟ್ಟೆ ಮುಳುಗಿಸಲಾಗದಾಗ ಇದನ್ನು ಆರಿಸಿ: ಜರಿ ಅಂಚಿನ ಪಂಚೆ, ಕಸೂತಿ ಹಾಕಿದ ಸೀರೆ, ಅಚ್ಚಿನ ಬಣ್ಣ ಬಿಡಬಹುದಾದ ಕುರ್ತಾ. ಸಾಮಾನ್ಯವಾಗಿ ಸಿಗುವುದು 6 ಶೇಕಡಾದ್ದು, ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿರುತ್ತದೆ. ಅದಕ್ಕೆ ಅಷ್ಟೇ ನೀರು ಬೆರೆಸಿ, 100 ಮಿಲಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ. ಸೋಡಾ ಇಲ್ಲದಿದ್ದರೆ ಅದು ನಿಧಾನ. ಹತ್ತಿಯ ಉಂಡೆಯಿಂದ ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತ ಹೋಗಿ, ನಡುವಿನಿಂದ ಹೊರಕ್ಕೆ ಹೋದರೆ ಬಳೆಯಂಥ ಗುರುತು ಬೀಳುತ್ತದೆ. ಅರ್ಧ ಗಂಟೆ ಒದ್ದೆಯಾಗಿಯೇ ಇರಲಿ. ಬೆರಳು ಬೆಳ್ಳಗಾಗಿ ಚುರುಗುಟ್ಟುವುದರಿಂದ ಗ್ಲೌಸ್ ಹಾಕಿಕೊಳ್ಳಿ. ಜರಿಗೆ ತಾಗಬಾರದು.

ಪೆರಾಕ್ಸೈಡ್‌ಗೂ ಆಕ್ಸಿಜನ್ ಪುಡಿಗೂ ಒಂದೇ ಶತ್ರು, ಕಬ್ಬಿಣ. ಬಟ್ಟೆಯಲ್ಲಿ ತುಕ್ಕಿನ ಚುಕ್ಕೆ ಇದ್ದರೆ, ಪಿನ್ನೋ ಹುಕ್ಕೋ ಉಳಿದಿದ್ದರೆ, ಆ ಜಾಗದಲ್ಲಿ ಪೆರಾಕ್ಸೈಡ್ ಒಮ್ಮೆಲೇ ಸಿಡಿದು ನೂಲನ್ನೇ ಸುಡುತ್ತದೆ. ಅಂದು ಕಾಣುವುದಿಲ್ಲ, ಎರಡು ಒಗೆತದ ನಂತರ ಸೂಜಿಮೊನೆಯ ತೂತುಗಳು ಕಾಣಿಸುತ್ತವೆ. ಗೋವಾದಲ್ಲಿ ಬಾವಿ ನೀರು ಬಳಸುವವರು ಬಕೆಟ್ಟಿನ ತಳದಲ್ಲಿ ಕೆಂಪು ಕೆಸರು ಕೂರುತ್ತದೆಯೇ ನೋಡಿಕೊಳ್ಳಬೇಕು, ಕೂರುತ್ತಿದ್ದರೆ ಈ ಕೆಲಸಕ್ಕೆ ಕುಡಿಯುವ ಫಿಲ್ಟರ್ ನೀರು ಬಳಸಿ. ಕಬ್ಬಿಣ ಸೇರಿದ ಅಡಿಕೆ ಕಲೆ ಕೆಂಪಾಗಿ ಇರುವುದೂ ಇಲ್ಲ, ಶಾಯಿಯಂತೆ ಕಪ್ಪಾಗುತ್ತದೆ. ಅಂಥ ಕಲೆಗೆ ಬ್ಲೀಚಲ್ಲ, ಬಿಸಿ ಸಿಟ್ರಿಕ್ ನೀರೇ ಮದ್ದು: ಅರ್ಧ ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ, 20 ನಿಮಿಷ. ಕಪ್ಪು ಕರಗಿ ಕಂದು ಉಳಿದ ಮೇಲೆ, ಚೆನ್ನಾಗಿ ಜಾಲಿಸಿ, ಆಕ್ಸಿಜನ್ ಪುಡಿಗೆ ಹೋಗಿ.

ಇನ್ನು ಕ್ಲೋರಿನ್ ಬ್ಲೀಚು, ಎಂದರೆ ಬಿಳಿ ಬಟ್ಟೆಗೆ ಮಾತ್ರ ಎಂದು ಬಾಟಲಿಯ ಮೇಲೆ ಬರೆದಿರುವ, ಈಜುಕೊಳದ ವಾಸನೆಯ ದ್ರವ. ಇದು ಎಲ್ಲಕ್ಕಿಂತ ವೇಗ, ತಣ್ಣೀರಿನಲ್ಲೂ ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಹಾಗೆಂದೇ ಜನ ಇದನ್ನೇ ಮೊದಲು ಎತ್ತಿಕೊಳ್ಳುತ್ತಾರೆ, ತಪ್ಪು ಬಟ್ಟೆಗೆ ಹಾಕುತ್ತಾರೆ. ಪೂರ್ತಿ ಬಿಳಿ, ಪೂರ್ತಿ ಹತ್ತಿ, ಜರಿಯಿಲ್ಲದ, ಹಿಗ್ಗುವ ಎಳೆಯಿಲ್ಲದ ಬಟ್ಟೆಗಷ್ಟೇ ಅದು ಸರಿ: ಬನಿಯನ್, ಬಿಳಿ ಪಂಚೆ, ಬಿಳಿ ಟವೆಲ್. ಕೆನೆ ಬಣ್ಣದ ಕೋರಾ ಬಟ್ಟೆಯ ಮೇಲೆ ಹನಿ ಬಿದ್ದರೆ ಕಲೆಯ ಜಾಗದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ, ಅದನ್ನು ಮುಚ್ಚಲು ಏನೂ ಇಲ್ಲ. ಲೈಕ್ರಾ ಸೇರಿದ ಹತ್ತಿ ಹಳದಿಗೆ ತಿರುಗುತ್ತದೆ. ಬಳಸುವುದೇ ಆದರೆ ಒಂದು ಲೀಟರ್ ತಣ್ಣೀರಿಗೆ ಒಂದರಿಂದ ಎರಡು ಟೀ ಚಮಚ, ಮೂರು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಬಾಟಲಿಯಿಂದ ನೇರವಾಗಿ ಬಟ್ಟೆಗೆ ಸುರಿಯಲೇಬಾರದು.

ಒಂದು ಎಚ್ಚರಿಕೆಯನ್ನು ಅಡಿಗೆರೆ ಎಳೆದು ಹೇಳಬೇಕು. ಹುಳಿ ಮತ್ತು ಕ್ಲೋರಿನ್ ಬ್ಲೀಚು ಸೇರಿದರೆ ವಿಷಾನಿಲ ಏಳುತ್ತದೆ. ಮುಂಬಯಿಯ ಸಣ್ಣ ಫ್ಲ್ಯಾಟಿನ ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಇದು ಆಟವಲ್ಲ. ನಿಂಬೆ ಹಾಕಿದ ಬಟ್ಟೆಯನ್ನು ಮೂರು ನೀರು ಜಾಲಿಸದೆ ಬ್ಲೀಚಿಗೆ ಇಳಿಸಬೇಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ಇರಬಾರದು.

ಬಟ್ಟೆ ನೋಡಿ ಆರಿಸಿ

ಪೂರ್ತಿ ಬಿಳಿ ಹತ್ತಿಗೆ ಸಿಟ್ರಿಕ್, ಆಮೇಲೆ ಆಕ್ಸಿಜನ್ ಪುಡಿ. ಅದೂ ಸೋತರೆ ಮಾತ್ರ ಕ್ಲೋರಿನ್. ಕೆನೆ ಬಣ್ಣದ್ದು, ಕೋರಾ, ತಿಳಿ ನೀಲಿ, ತಿಳಿ ಗುಲಾಬಿಗೆ ಸಿಟ್ರಿಕ್ ಮತ್ತು ಆಕ್ಸಿಜನ್ ಪುಡಿ. ಇಲ್ಲಿ ಇಡೀ ಬಟ್ಟೆ ಮುಳುಗಬೇಕು, ಕಲೆಯ ಜಾಗಕ್ಕೆ ಮಾತ್ರ ಹಾಕಿದರೆ ಆ ಭಾಗ ಬೇರೆಯಾಗಿ ಕಾಣುತ್ತದೆ. ಮೊದಲು ಒಳ ಹೊಲಿಗೆಯ ಮೇಲೆ ಹಚ್ಚಿ ಅರ್ಧ ಗಂಟೆ ನೋಡಿ. ಕೆನೆ ಬಣ್ಣಕ್ಕೆ ಇನ್ನೊಂದು ಮೋಸವಿದೆ: ಬಹಳಷ್ಟು ಡಿಟರ್ಜೆಂಟ್ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಹೊಳೆಯುವಂತೆ ಮಾಡುವ ವಸ್ತು ಇರುತ್ತದೆ. ಒಂದೇ ಜಾಗಕ್ಕೆ ಪುಡಿ ತಿಕ್ಕಿದರೆ ಕಲೆ ಹೋದರೂ ಅಲ್ಲಿ ನೀಲಿ ಛಾಯೆಯ ಬಿಳಿ ಉಳಿಯುತ್ತದೆ. ಜರಿ, ಕಸೂತಿ ಇದ್ದರೆ ದ್ರವ ಪೆರಾಕ್ಸೈಡ್, ಕಲೆಯ ಮೇಲೆ ಮಾತ್ರ.

ಮಸಾಲಾ ಪಾನಿನ ಕೆಂಪು ತೆಂಗಿನತುರಿ, ಟೂಟಿ-ಫ್ರೂಟಿಯಿಂದ ಉಳಿದ ಗುಲಾಬಿ ಬಣ್ಣ ಬೇರೆ ಜಾತಿಯದು, ಅದು ತಿಂಡಿ ಬಣ್ಣ. ಹುಳಿ ಬಿದ್ದರೂ ಅದು ಹಳದಿಯಾಗುವುದಿಲ್ಲ, ಅದೇ ಗುರುತು. ಅದರ ಬಹುಪಾಲು ಬರೀ ತಣ್ಣೀರಿನಲ್ಲೇ ಹೋಗುತ್ತದೆ.

ಒಂದು ಕಲೆಯನ್ನು ಕೊನೆತನಕ ಹಿಡಿದು ನೋಡೋಣ

ಜುಲೈ ತಿಂಗಳು, ಡೊಂಬಿವಲಿಯ ಮನೆ. ಭಾನುವಾರ ಮಾಟುಂಗಾದ ಮದುವೆ ಊಟದ ಮೇಲೆ ಹಾಕಿದ ವಿಡಾ ಕೆನೆ ಬಣ್ಣದ ಹತ್ತಿ ಕುರ್ತಾದ ಎದೆಗೆ ಜಾರಿದೆ. ಒದ್ದೆ ಟಿಶ್ಯೂನಿಂದ ಒರೆಸಿದ್ದಾರೆ, ಸೋಮವಾರ ಸಂಜೆ ಬಕೆಟ್ಟಿನಲ್ಲಿ ಸಿಕ್ಕಿದೆ. ನಡುವೆ ನಾಣ್ಯದಗಲ ಕೆಂಪು-ಕಂದು, ಸುತ್ತ ಕಿತ್ತಳೆ ಅಂಚು, ಒಂದು ಕಡೆ ಬಿಳಿ ಹಕ್ಕಳೆಯಾಗಿ ಒಣಗಿದ ಸುಣ್ಣ.

ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ ಕೊಡವಿ. ಹಿಂಬದಿಯಿಂದ ತಣ್ಣೀರು ಬಿಟ್ಟಾಗ ಸ್ವಲ್ಪ ಕಿತ್ತಳೆ ಇಳಿಯುತ್ತದೆ, ಕೆಂಪು ಕದಲುವುದಿಲ್ಲ. ಸಿಟ್ರಿಕ್ ನೀರು ಹತ್ತತ್ತು ನಿಮಿಷ ಎರಡು ಸಲ. ಮೊದಲ ಸಲ ಸುಣ್ಣವಿದ್ದ ಜಾಗದಲ್ಲಿ ಸಣ್ಣ ಗುಳ್ಳೆ ಏಳಬಹುದು, ಸುಣ್ಣ ಗಾಳಿಗೆ ಕಲ್ಲಾಗಿರುವುದರ ಗುರುತು ಅದು. ಗುಳ್ಳೆ ನಿಂತು ಕೆಂಪು ಹಳದಿ-ಕಂದಾದರೆ ಸುಣ್ಣದ ಕೆಲಸ ಮುಗಿಯಿತು. ಮೂರು ನೀರು ಜಾಲಿಸಿ.

ಈಗ ಮೂರು ಲೀಟರ್ ಬಿಸಿ ನೀರು, ಮೂರು ದೊಡ್ಡ ಚಮಚ ಪರ್ಕಾರ್ಬನೇಟ್, ಪುಡಿ ಪೂರ್ತಿ ಕರಗಿದ ಮೇಲೆ ಇಡೀ ಕುರ್ತಾ ಒಳಗೆ. ಕರಗದ ಹರಳು ಬಟ್ಟೆಗೆ ಅಂಟಿದರೆ ಅಲ್ಲೊಂದು ಬಿಳಿ ಚುಕ್ಕೆ. ಮೇಲೆ ತೇಲದಂತೆ ತಟ್ಟೆ ಇಡಿ. ಒಂದು ಗಂಟೆಯಲ್ಲಿ ಕಲೆ ಹಾಲು ಹಾಕಿದ ಚಹಾದಷ್ಟು ತಿಳಿಯಾಗುತ್ತದೆ. ನೀರು ಚೆಲ್ಲಿ, ಅದೇ ಅಳತೆಯಲ್ಲಿ ಹೊಸದಾಗಿ ಇನ್ನೆರಡು ಗಂಟೆ. ಇಷ್ಟಕ್ಕೆ ಉಳಿಯುವುದು ಗಂಧದ ನೀರಿನಂಥ ನೆರಳು. ಅದರ ಮೇಲೆ ದ್ರವ ಪೆರಾಕ್ಸೈಡ್ ಅರ್ಧ ಗಂಟೆ, ಜಾಲಿಸಿ, ಕೊನೆಯ ನೀರಿಗೆ ಒಂದು ಚಮಚ ವಿನಿಗರ್. ಬಟ್ಟೆಯಲ್ಲಿ ಉಳಿದ ಕ್ಷಾರ ಹೋಗದಿದ್ದರೆ ಕೆನೆ ಬಣ್ಣ ಮಂಕಾಗುತ್ತದೆ.

ಫ್ಯಾನಿನ ಕೆಳಗೆ ಒಣಗಿಸಿ, ಇಸ್ತ್ರಿ ಮಾಡಬೇಡಿ. ಒದ್ದೆಯಿದ್ದಾಗ ಮಾಯವಾದ ಕಲೆ ಒಣಗಿದಾಗ ಮತ್ತೆ ಕಾಣುವುದುಂಟು, ನೂಲಿನೊಳಗೆ ಉಳಿದ ಬಣ್ಣ ನೀರಿನ ಜೊತೆ ಮೇಲಕ್ಕೆ ಬಂದಿರುತ್ತದೆ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ಕಂಡರೆ ಆಕ್ಸಿಜನ್ ಪುಡಿಯ ಇನ್ನೊಂದು ಸುತ್ತು. ಇಸ್ತ್ರಿ ಬಿದ್ದ ಮೇಲೆ ಅದೇ ನೆರಳನ್ನು ತೆಗೆಯಲು ಎರಡರಷ್ಟು ಸಮಯ ಬೇಕು, ಕೆಲವೊಮ್ಮೆ ಹೋಗುವುದೇ ಇಲ್ಲ.

ಧೋಬಿಗೆ ಕೊಡುವುದಾದರೆ

ಡ್ರೈಕ್ಲೀನಿಂಗಿಗೆ ಹಾಕಿದರೆ ಸಾಕೆಂದುಕೊಳ್ಳಬೇಡಿ. ಅಲ್ಲಿನ ದ್ರಾವಕ ಎಣ್ಣೆ, ಜಿಡ್ಡನ್ನು ಕರಗಿಸುತ್ತದೆ, ಟ್ಯಾನಿನ್ನನ್ನು ಅಲ್ಲ. ಕಲೆ ಯಾವುದೆಂದು ಹೇಳಿ, ಸ್ಪಾಟಿಂಗ್, ಎಂದರೆ ಕಲೆಯ ಜಾಗಕ್ಕೆ ಮಾತ್ರ ಮದ್ದು ಹಾಕುವುದನ್ನು, ಬೇರೆಯಾಗಿ ಮಾಡುತ್ತಾರೆಯೇ ಎಂದು ಕೇಳಿ. ಧೋಬಿಯ ವಿಷಯದಲ್ಲಿ ಭಯ ಭಟ್ಟಿಯದು, ಅಲ್ಲಿ ಬಿಳಿ ಬಟ್ಟೆಯನ್ನು ಸೋಡಾ ಹಾಕಿ ಕುದಿಸುತ್ತಾರೆ. ಬಿಸಿ ಮತ್ತು ಕ್ಷಾರ ಎರಡೂ ಒಟ್ಟಿಗೆ ಬಿದ್ದರೆ ಕಾಚು ಕಂದಾಗಿ ಭದ್ರವಾಗುತ್ತದೆ. ಕೊಡುವಾಗ ಒಂದು ಮಾತು ಸಾಕು: "ಭಾವೂ, ಪಾನಾಚಾ ಡಾಗ್ ಆಹೆ, ಭಟ್ಟೀತ್ ಘಾಲೂ ನಕಾ," ಎಂದರೆ ಅಣ್ಣಾ, ಇದು ಪಾನಿನ ಕಲೆ, ಭಟ್ಟಿಗೆ ಹಾಕಬೇಡಿ ಎಂದು. ಮನೆಯಲ್ಲಿ ಸಿಟ್ರಿಕ್ ಹಾಕಿ ಜಾಲಿಸಿಯೇ ಕೊಟ್ಟರೆ ಇನ್ನೂ ಒಳ್ಳೆಯದು.

ಮೂರು ಸುತ್ತು ಆದರೂ ಉಳಿದ ಕಲೆಯನ್ನು ಬೆನ್ನಟ್ಟಬೇಡಿ. ಬೆರಳಲ್ಲಿ ಹಿಡಿದು ಎಳೆದಾಗ ಆ ಜಾಗ ಉಳಿದ ಬಟ್ಟೆಗಿಂತ ಸಡಿಲವೆನಿಸಿದರೆ ನೂಲು ದಣಿದಿದೆ ಎಂದರ್ಥ, ನಾಲ್ಕನೆಯ ಸುತ್ತಿಗೆ ಕಲೆಯ ಜೊತೆ ಬಟ್ಟೆಯೂ ಹೋಗುತ್ತದೆ. ಅಂಥ ಕುರ್ತಾಕ್ಕೆ ಇಡಿಯಾಗಿ ಗಾಢ ಬಣ್ಣ ಹಾಕಿಸುವುದು ದಾರಿ. ಕಂದು ಬಣ್ಣವನ್ನೇ ಆರಿಸಿ. ತಿಳಿ ನೀಲಿ ಹಾಕಿಸಿದರೆ ಅಡಿಕೆಯ ನೆರಳು ಅದರೊಳಗಿಂದ ಇಣುಕುತ್ತದೆ.